ಅಡವಿಟ್ಟ ಒಡವೆಯ ಲೆಕ್ಕ: ಗುಮಾಸ್ತರ ಪತ್ರಕ್ಕೆ ಬ್ಯಾಂಕಿನ ಉತ್ತರ

ಒಡವೆ ಅಡವಿಟ್ಟ ನಿವೃತ್ತ ಗುಮಾಸ್ತರೊಬ್ಬರು ಬ್ಯಾಂಕ್ ಮ್ಯಾನೇಜರಿಗೆ ಬರೆಯುವ ಪತ್ರ ಹೆಚ್ಚುಕಡಿಮೆ ಹೀಗಿರುತ್ತದೆ: ‘ಮಾನ್ಯರೇ, ನನ್ನ ಪತ್ನಿಯ ಎರಡು ಬಳೆ ಮತ್ತು ಒಂದು ಕಲ್ಲಿನ ನೆಕ್ಲೇಸು, ಒಟ್ಟು 34 ಗ್ರಾಂ, ತಮ್ಮ ಶಾಖೆಯಲ್ಲಿ ಅಡವಿಟ್ಟಿದ್ದೇನೆ. ಪೇಟೆಯ ದರದಲ್ಲಿ ಮೂರು ಲಕ್ಷ ದಾಟುತ್ತದೆ. ಸಾಲ ಮಂಜೂರಾಗಿದ್ದು 2,10,000 ಮಾತ್ರ. ಬೆಲೆ ಕಟ್ಟಿದ್ದು ಹೇಗೆ, ಸಾಲ ತೀರಿದ ಮೇಲೆ ಒಡವೆ ಯಾವಾಗ ಸಿಗುತ್ತದೆ ಎಂಬುದನ್ನು ದಯವಿಟ್ಟು ತಿಳಿಸಬೇಕು.’ ಈ ಎರಡು ಪ್ರಶ್ನೆಗಳಿಗೂ ಉತ್ತರ ಭಾರತೀಯ ರಿಸರ್ವ್ ಬ್ಯಾಂಕ್ 2025ರ ಜೂನ್‌ನಲ್ಲಿ ಹೊರಡಿಸಿದ ನಿರ್ದೇಶನಗಳಲ್ಲಿದೆ. ಅವುಗಳನ್ನು ಜಾರಿಗೆ ತರಲು ಬ್ಯಾಂಕುಗಳಿಗೂ ಹಣಕಾಸು ಸಂಸ್ಥೆಗಳಿಗೂ 2026ರ ಏಪ್ರಿಲ್ 1ರವರೆಗೆ ಗಡುವಿತ್ತು.

ಬೆಲೆ ಕಟ್ಟುವ ಕೆಲಸ ತೂಕದಿಂದ ಶುರುವಾಗುತ್ತದೆ. ಬ್ಯಾಂಕಿಗೆ ಬೇಕಿರುವುದು ಚಿನ್ನ ಮಾತ್ರ. ಕೆಂಪು, ಹರಳು, ಮುತ್ತು, ಒಳಗೆ ತುಂಬಿದ ಅರಗು, ಪೋಣಿಸಿದ ದಾರ ಎಲ್ಲವನ್ನೂ ತೂಕದಿಂದ ಕಳೆಯುತ್ತಾರೆ. ಮಜೂರಿಗೂ ಜಿಎಸ್‌ಟಿಗೂ ಕೊಟ್ಟ ಹಣ ಕೊಳ್ಳುವಾಗಲೇ ಹೋಯಿತು. ಅದು ಇಲ್ಲಿ ಲೆಕ್ಕಕ್ಕಿಲ್ಲ. ಇಲ್ಲಿ ಬಳೆಗಳು 20 ಗ್ರಾಂ, 22 ಕ್ಯಾರೆಟ್. ನೆಕ್ಲೇಸಿನ ಒಟ್ಟು ತೂಕ 14 ಗ್ರಾಂ; ಕಲ್ಲು, ಅರಗು ಸೇರಿ 3 ಗ್ರಾಂ ಕಳೆದರೆ ನಿವ್ವಳ 11. ಅಪ್ರೈಸರ್ ಒರೆಗಲ್ಲಿಗೆ ಉಜ್ಜಿ, ಆಸಿಡ್ ಬಿಟ್ಟು ನೋಡಿದಾಗ ಅದು 20 ಕ್ಯಾರೆಟ್ ಎಂದು ತಿಳಿಯಿತು. ಹಾಲ್‌ಮಾರ್ಕ್ ಇಲ್ಲದ ಹಳೆಯ ಒಡವೆಗಳಲ್ಲಿ ಇದು ಅಪರೂಪವಲ್ಲ. ಒರೆಗೆ ಸಿಗುವುದು ಮೇಲ್ಮೈ ಮಾತ್ರ. ಹಾಗಾಗಿ ಬೆಸುಗೆ ಹೆಚ್ಚಿರುವ, ದಪ್ಪನೆಯ ಒಡವೆಯನ್ನು ಅಪ್ರೈಸರ್ ತುಸು ಅನುಮಾನದಿಂದಲೇ ನೋಡುತ್ತಾನೆ. ಈ ಪರೀಕ್ಷೆ ಸಾಲಗಾರರ ಎದುರಿಗೇ ನಡೆಯಬೇಕು, ಎಷ್ಟು ಕಳೆದರು, ಏಕೆ ಕಳೆದರು ಎಂಬುದನ್ನೂ ಅವರಿಗೆ ಹೇಳಬೇಕು.

ಇನ್ನು ದರ. ಕಳೆದ 30 ದಿನಗಳ ಸರಾಸರಿ ಮುಕ್ತಾಯ ದರ ಒಂದು, ಹಿಂದಿನ ದಿನದ ಮುಕ್ತಾಯ ದರ ಇನ್ನೊಂದು. ಎರಡರಲ್ಲಿ ಕಡಿಮೆ ಇರುವುದನ್ನೇ ಹಿಡಿಯಬೇಕು. ಬೆಲೆ ಏರುತ್ತಿರುವ ದಿನಗಳಲ್ಲಿ ಸರಾಸರಿಯೇ ಕಡಿಮೆ ಇರುವುದರಿಂದ ಅಂಗಡಿಯ ದರಕ್ಕೂ ಬ್ಯಾಂಕಿನ ದರಕ್ಕೂ ಅಂತರ ಬೀಳುತ್ತದೆ. ಲೆಕ್ಕಕ್ಕಾಗಿ 22 ಕ್ಯಾರೆಟ್ ಗ್ರಾಂಗೆ ಸರಾಸರಿ 9,000, ನಿನ್ನೆಯದು 9,200 ಎಂದುಕೊಂಡರೆ ಬಳೆಗಳ ಬೆಲೆ 1,80,000. ನೆಕ್ಲೇಸಿಗೆ ಅದೇ ದರದ 22ರಲ್ಲಿ 20 ಪಾಲು. 11 ಗ್ರಾಂಗೆ 90,000. ಒಟ್ಟು 2,70,000.

ಇಷ್ಟಕ್ಕೂ ಪೂರ್ತಿ ಸಾಲ ಸಿಗುವುದಿಲ್ಲ. ಸ್ವಂತ ಖರ್ಚಿಗೆ ಪಡೆಯುವ ಸಾಲ ಎರಡೂವರೆ ಲಕ್ಷದೊಳಗಿದ್ದರೆ ಒಡವೆಯ ಬೆಲೆಯ ಶೇ. 85, ಐದು ಲಕ್ಷದವರೆಗೆ ಶೇ. 80, ಅದಕ್ಕೂ ಮೇಲೆ ಶೇ. 75 ಮಿತಿ. ಇಲ್ಲಿ ಶೇ. 85 ಎಂದರೆ 2,29,500. ಆದರೆ ಗುಮಾಸ್ತರು ಅಸಲು, ಬಡ್ಡಿ ಎರಡನ್ನೂ ವರ್ಷದ ಕೊನೆಗೆ ಒಟ್ಟಿಗೆ ಕಟ್ಟುವ ಸಾಲ ಆರಿಸಿದ್ದಾರೆ. ಅಂಥ ಸಾಲದಲ್ಲಿ ಕೊನೆಗೆ ಕಟ್ಟಬೇಕಾದ ಇಡೀ ಮೊತ್ತವೇ ಆ ಮಿತಿಯೊಳಗಿರಬೇಕು. ಬಡ್ಡಿ ಶೇ. 9 ಆದರೆ 2,10,000ಕ್ಕೆ 18,900 ಸೇರಿ 2,28,900. ಮಂಜೂರಾದ ಮೊತ್ತದ ಗುಟ್ಟು ಇದು. ತಿಂಗಳು ತಿಂಗಳು ಬಡ್ಡಿ ಕಟ್ಟುವ ಬಗೆ ಆರಿಸಿದ್ದರೆ ಇನ್ನಷ್ಟು ಸಾಲಕ್ಕೆ ನಿಯಮದಲ್ಲಿ ಅವಕಾಶವಿತ್ತು. ಬ್ಯಾಂಕು ತನ್ನದೇ ಮಿತಿ ಇಟ್ಟುಕೊಂಡಿದ್ದರೆ ಮಾತು ಬೇರೆ.

ಒಡವೆ ವಾಪಸಿನ ಪ್ರಶ್ನೆಗೆ ಆಧಾರ, ಅಡವಿಡುವಾಗ ಕೊಟ್ಟ ಪ್ರಮಾಣಪತ್ರ. ಒಟ್ಟು ತೂಕ, ನಿವ್ವಳ ತೂಕ, ಶುದ್ಧತೆ, ಕಳೆದ ತೂಕ, ಮೊದಲೇ ಇದ್ದ ಸೀಳು-ಮುರುಕು, ಒಡವೆಯ ಚಿತ್ರ, ಕಟ್ಟಿದ ಬೆಲೆ ಇವೆಲ್ಲ ಅದರಲ್ಲಿರಬೇಕು. ಸಾಲ ಪೂರ್ತಿ ತೀರಿದ ದಿನವೇ, ತಡವಾದರೆ ಏಳು ಕೆಲಸದ ದಿನಗಳೊಳಗೆ ಒಡವೆ ಮರಳಿಸಬೇಕು. ಬ್ಯಾಂಕಿನ ಕಡೆಯಿಂದಲೇ ಅದಕ್ಕೂ ಮೀರಿ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. ಬ್ಯಾಂಕಿನ ವಶದಲ್ಲಿದ್ದಾಗ ಒಡವೆಗೆ ಹಾನಿಯಾಗಿದ್ದರೆ ದುರಸ್ತಿಯ ಖರ್ಚೂ ಅದರದೇ. ಸೀಲು ಒಡೆಯುವುದನ್ನು ಎದುರಿಗೇ ನೋಡಿ, ತೂಕ ಹಾಕಿಸಿ, ಪ್ರಮಾಣಪತ್ರಕ್ಕೆ ತಾಳೆ ಮಾಡಿದ ಮೇಲಷ್ಟೇ ರಸೀದಿಗೆ ಸಹಿ ಹಾಕಬೇಕು. ಆತುರದಲ್ಲಿ ಮೊದಲೇ ಸಹಿ ಹಾಕಿದವರಿಗೆ ಆಮೇಲೆ ವಾದಿಸುವುದು ಕಷ್ಟ.

ಒಂದು ತೊಡಕು ಉಳಿಯುತ್ತದೆ. ಅದೇ ಬ್ಯಾಂಕಿನಲ್ಲಿ ಗುಮಾಸ್ತರ ಹೆಸರಿಗೆ ಬೇರೆ ಬಾಕಿ ಇದ್ದರೆ, 1872ರ ಭಾರತೀಯ ಕರಾರು ಕಾಯ್ದೆಯ 171ನೇ ಕಲಮನ್ನು ಮುಂದಿಟ್ಟು ಬ್ಯಾಂಕು ಒಡವೆ ತಡೆಹಿಡಿಯಲು ನೋಡಬಹುದು. ಚಿನ್ನದ ಸಾಲ ತೀರಿಸುವ ಮೊದಲೇ ಇದನ್ನು ಲಿಖಿತವಾಗಿ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು. ಪತ್ರದಲ್ಲಿ ಗುಮಾಸ್ತರು ಕೇಳದೇ ಬಿಟ್ಟ ಪ್ರಶ್ನೆ ಇದೊಂದೇ.