ಗಾಳಿಗೆ ತುಪ್ಪಳ, ಲಾರಿಗೆ ಗೇಣು

ಬಯಲಿನಲ್ಲಿ ಒಬ್ಬರ ಮಾತನ್ನು ರೆಕಾರ್ಡ್ ಮಾಡಲು ಹೊರಟವರಿಗೆ ಕಾಟ ಕೊಡುವುದು ಮುಖ್ಯವಾಗಿ ಎರಡು, ಗಾಳಿ ಮತ್ತು ವಾಹನ. ಎರಡನ್ನೂ ‘ಗದ್ದಲ’ ಎಂದು ಒಂದೇ ಲೆಕ್ಕಕ್ಕೆ ಸೇರಿಸಿಬಿಡುವುದರಿಂದಲೇ ಅರ್ಧಕ್ಕರ್ಧ ರೆಕಾರ್ಡಿಂಗ್‌ಗಳು ಕೆಡುತ್ತವೆ. ಲಾರಿ ಸದ್ದು ಜಾಸ್ತಿ ಎಂದು ಮೈಕಿಗೆ ತುಪ್ಪಳದ ಕವಚ ತೊಡಿಸುವವರನ್ನು ನೋಡಿದ್ದೇನೆ. ಆ ಕವಚ ಲಾರಿಯನ್ನು ತಡೆಯುವುದಿಲ್ಲ. ಇನ್ನು ಕೆಲವರು ಆಷಾಢದ ಗಾಳಿಯಲ್ಲಿ ಬರಿ ಮೈಕನ್ನು ಬಾಯಿಯ ಹತ್ತಿರ ಹಿಡಿದರೆ ಸಾಕೆಂದುಕೊಳ್ಳುತ್ತಾರೆ. ಅದಷ್ಟೇ ಸಾಲದು. ಎರಡು ರೋಗಕ್ಕೆ ಎರಡು ಬೇರೆ ಮದ್ದು ಬೇಕು.

ಲಾರಿಯದು ನಿಜವಾದ ಸದ್ದು. ಅದು ರಸ್ತೆಯಲ್ಲಿ ಹುಟ್ಟಿ, ಅಲೆಯಾಗಿ ಬಂದು ನಮ್ಮ ಕಿವಿಗೂ ಮೈಕಿಗೂ ಒಂದೇ ರೀತಿ ತಲುಪುತ್ತದೆ. ಗಾಳಿಯದು ಹಾಗಲ್ಲ. ರೆಕಾರ್ಡಿಂಗಿನಲ್ಲಿ ಕೇಳುವ ಆ ‘ಧಬಧಬ’ ಬಯಲಿನಲ್ಲಿ ಎಲ್ಲೂ ಇರುವುದಿಲ್ಲ, ಅದು ಮೈಕಿನ ಮೇಲೆಯೇ ಹುಟ್ಟುತ್ತದೆ. ಮೈಕಿನೊಳಗಿರುವ ತೆಳುವಾದ ಪೊರೆ ಗಾಳಿಯ ಒತ್ತಡದ ಅತಿಸಣ್ಣ ಏರಿಳಿತಕ್ಕೂ ಅಲುಗುವಂಥದ್ದು. ಬೀಸುಗಾಳಿ ಬಂದು ಮೈಕಿಗೆ ಬಡಿದು ಸುಳಿಯಾದಾಗ ಆಗುವ ಏರಿಳಿತ ಮಾತಿನ ಅಲೆಗಿಂತ ಎಷ್ಟೋ ದೊಡ್ಡದು. ಸಭೆಗಳಲ್ಲಿ ಮೈಕ್ ಸರಿಯಿದೆಯೇ ಎಂದು ಉಫ್ ಎಂದು ಊದುತ್ತಾರಲ್ಲ, ಆಗ ಸ್ಪೀಕರಿನಲ್ಲಿ ಕೇಳುವುದೂ ಇದೇ. ಹೊಲದಲ್ಲಿ ಆ ಊದುವಿಕೆ ನಿಲ್ಲುವುದಿಲ್ಲ, ಅಷ್ಟೇ.

ಇದನ್ನು ಜಾಗದಲ್ಲೇ ಗುರುತಿಸುವುದು ಸುಲಭ. ಹೆಡ್‌ಫೋನ್ ಹಾಕಿಕೊಂಡು, ಗಾಳಿ ಬರುವ ಕಡೆ ಬೆನ್ನು ಮಾಡಿ, ಮೈಕನ್ನು ಮೈಯ ಮರೆಗೆ ತನ್ನಿ. ಗುಡುಗುಡು ಕಡಿಮೆಯಾದರೆ ಅದು ಗಾಳಿ, ಹಾಗೇ ಉಳಿದರೆ ರಸ್ತೆ. ಹೆಡ್‌ಫೋನ್ ಇಲ್ಲದೆ ಮೊಬೈಲಿನ ಸ್ಪೀಕರಿನಲ್ಲಿ ಕೇಳಿ ‘ಚೆನ್ನಾಗಿ ಬಂದಿದೆ’ ಎಂದು ತೀರ್ಮಾನಿಸಬೇಡಿ. ಗಾಳಿಯ ಹೊಡೆತ ಹೆಚ್ಚಾಗಿ ತೀರ ಕೆಳಗಿನ ಸ್ವರಗಳಲ್ಲಿರುತ್ತದೆ, ಮೊಬೈಲಿನ ಪುಟ್ಟ ಸ್ಪೀಕರಿಗೆ ಆ ಸ್ವರಗಳನ್ನು ನುಡಿಸುವ ಶಕ್ತಿಯೇ ಇಲ್ಲ. ಮನೆಗೆ ಬಂದು ದೊಡ್ಡ ಸ್ಪೀಕರಿಗೆ ಹಾಕಿದಾಗ ಗೊತ್ತಾಗುತ್ತದೆ.

ಒಂದು ಜಾಗವನ್ನು ಇಟ್ಟುಕೊಂಡೇ ನೋಡೋಣ. ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 48ರಲ್ಲಿ, ಐಮಂಗಲದ ಆಸುಪಾಸು, ರಸ್ತೆಯಿಂದ ನೂರು ಮೀಟರ್ ಒಳಗೊಂದು ಶೇಂಗಾ ಹೊಲ. ಆಷಾಢ ಮಾಸ. ಎಪ್ಪತ್ತು ದಾಟಿದ ರೈತರೊಬ್ಬರಿಂದ ಹಳೆಯ ಬಿತ್ತನೆಯ ಕ್ರಮವನ್ನು ಹೇಳಿಸಿಕೊಳ್ಳಬೇಕು. ಅವರ ಮಾತು ಹೊಲದಲ್ಲಿದ್ದಾಗಲೇ ಬಿಚ್ಚಿಕೊಳ್ಳುವುದು, ಕೋಣೆಯಲ್ಲಿ ಕೂರಿಸಿದರೆ ಬರುವುದಿಲ್ಲ. ಆದ್ದರಿಂದ ಜಾಗ ಬಿಟ್ಟುಕೊಡುವ ಹಾಗಿಲ್ಲ.

ಮೊದಲು ನಿಲ್ಲುವ ದಿಕ್ಕು. ಆ ಹೆದ್ದಾರಿ ಅಲ್ಲಿ ಹೆಚ್ಚುಕಡಿಮೆ ಆಗ್ನೇಯದಿಂದ ವಾಯವ್ಯಕ್ಕೆ ಹಾದುಹೋಗುತ್ತದೆ. ಮುಂಗಾರಿನ ಗಾಳಿ ಪಶ್ಚಿಮ, ನೈಋತ್ಯದಿಂದ ಬೀಸುತ್ತದೆ. ಅಂದರೆ ರಸ್ತೆಗೆ ಅಡ್ಡಲಾಗಿ. ಗಾಳಿ ನೆಲದ ಹತ್ತಿರ ನಿಧಾನ, ಮೇಲೆ ಹೋದಂತೆ ಜೋರು. ಈ ವ್ಯತ್ಯಾಸದಿಂದಾಗಿ ಗಾಳಿಯ ಜೊತೆ ಹೋಗುವ ಸದ್ದು ನೆಲದ ಕಡೆ ಬಾಗಿ ದೂರದವರೆಗೆ ಕೇಳುತ್ತದೆ, ಗಾಳಿಗೆ ಎದುರಾಗಿ ಹೊರಟ ಸದ್ದು ಮೇಲಕ್ಕೆ ಬಾಗಿ ತಲೆಯ ಮೇಲೆ ಹಾದುಹೋಗುತ್ತದೆ. ಹಾಗಾಗಿ ರಸ್ತೆಯ ಪಶ್ಚಿಮ ಬದಿಯ ಹೊಲ ಸಿಕ್ಕರೆ ಅದನ್ನೇ ಆರಿಸಿಕೊಳ್ಳಬೇಕು. ಅದೇ ನೂರು ಮೀಟರ್ ದೂರದಲ್ಲಿ ಪೂರ್ವ ಬದಿಯಲ್ಲಿ ಕಿವಿಗಪ್ಪಳಿಸುವ ಹಾರ್ನ್ ಇಲ್ಲಿ ಮಂಕಾಗಿರುತ್ತದೆ. ಒಂದು ರೂಪಾಯಿ ಖರ್ಚಿಲ್ಲದ ಉಪಾಯವಿದು, ಆದರೂ ಗಾಳಿಯ ದಿಕ್ಕು ನೋಡಿ ಬದಿ ಆರಿಸುವವರು ಬಹಳ ಕಡಿಮೆ.

ಹೊಲದಲ್ಲಿ ಮೇವಿನ ಬಣವೆ ಇದ್ದರೆ ಅದರ ಮರೆ ಇನ್ನೂ ಒಳ್ಳೆಯದು. ಗೋಡೆಯಾದರೆ ಲಾರಿ ಸದ್ದನ್ನು ತಿರುಗಿಸಿ ನಮ್ಮ ಕಡೆಗೇ ಎಸೆಯಬಹುದು, ಮನೆಯ ಮೂಲೆಯಲ್ಲಿ ಗಾಳಿ ಇನ್ನೂ ರಭಸವಾಗಿ ನುಗ್ಗುತ್ತದೆ. ಬಣವೆ ಗಾಳಿಯನ್ನೂ ಮುರಿಯುತ್ತದೆ, ಸದ್ದನ್ನೂ ಹೀರುತ್ತದೆ.

ಇನ್ನು ಮೈಕ್. ಕ್ಯಾಮೆರಾದ ನೆತ್ತಿಯ ಮೇಲೆ ಕೂರಿಸುವ ಉದ್ದನೆಯ ಮೈಕ್ ದೂರದ ಮಾತನ್ನು ‘ಎಳೆದುಕೊಳ್ಳುತ್ತದೆ’ ಎಂಬ ನಂಬಿಕೆ ಬಲವಾಗಿದೆ. ಅದು ಏನನ್ನೂ ಎಳೆದುಕೊಳ್ಳುವುದಿಲ್ಲ, ಪಕ್ಕದಿಂದ ಬರುವ ಸದ್ದನ್ನು ಸ್ವಲ್ಪ ತಗ್ಗಿಸುತ್ತದೆ ಅಷ್ಟೇ. ಅದರಲ್ಲೂ ಲಾರಿಯ ಇಂಜಿನ್ನಿನಂಥ ಮಂದ್ರದ ಸದ್ದಿಗೆ ಅದರ ಕಟ್ಟುಪಾಡು ನಡೆಯುವುದಿಲ್ಲ. ಜೊತೆಗೆ, ದಿಕ್ಕು ನೋಡಿ ಕೇಳುವ ಮೈಕುಗಳಿಗೆ ಗಾಳಿಯ ಕಾಟವೂ ಹೆಚ್ಚು. ಶರ್ಟಿಗೆ ಸಿಕ್ಕಿಸುವ ಸಾಮಾನ್ಯ ಕಾಲರ್ ಮೈಕ್ ಎಲ್ಲ ದಿಕ್ಕಿನಿಂದಲೂ ಕೇಳುವ ಜಾತಿಯದು, ಗಾಳಿಯನ್ನು ಅದಕ್ಕಿಂತ ಚೆನ್ನಾಗಿ ತಾಳಿಕೊಳ್ಳುತ್ತದೆ. ಇಂಥ ಜಾಗಕ್ಕೆ ನಾನು ಕಾಲರ್ ಮೈಕನ್ನೇ ಆರಿಸುತ್ತೇನೆ. ಗದ್ದದಿಂದ ಒಂದು ಗೇಣು ಕೆಳಗೆ, ಎದೆಯ ನಡುವೆ.

ಆ ಗೇಣಿನ ಬೆಲೆ ಎಷ್ಟು ಎಂಬುದಕ್ಕೆ ಒಂದು ಲೆಕ್ಕವಿದೆ. ಬಾಯಿಗೂ ಮೈಕಿಗೂ ಇರುವ ದೂರ ಅರ್ಧಕ್ಕೆ ಇಳಿದಾಗಲೆಲ್ಲ ಮಾತು 6 ಡೆಸಿಬೆಲ್ ಏರುತ್ತದೆ. ಎರಡು ಅಡಿಯಲ್ಲಿದ್ದ ಮೈಕನ್ನು ಅರ್ಧ ಅಡಿಗೆ ತಂದರೆ 12 ಡೆಸಿಬೆಲ್. ಲಾರಿಯ ಸದ್ದು ಮಾತ್ರ ಇದ್ದಷ್ಟೇ ಇರುತ್ತದೆ, ಏಕೆಂದರೆ ನೂರು ಮೀಟರ್ ಆಚೆಯ ರಸ್ತೆಗೆ ಈ ಒಂದೂವರೆ ಅಡಿ ಲೆಕ್ಕಕ್ಕೇ ಇಲ್ಲ. ಮಾತಿಗೂ ಸದ್ದಿಗೂ ನಡುವೆ ಅದೇ 12 ಡೆಸಿಬೆಲ್ ಅಂತರವನ್ನು ರಸ್ತೆಯಿಂದ ದೂರ ಸರಿದು ಗಳಿಸಬೇಕೆಂದರೆ? ವಾಹನಗಳು ಒಂದರ ಹಿಂದೊಂದು ಓಡುವ ಹೆದ್ದಾರಿಯ ಸದ್ದು ದೂರ ಇಮ್ಮಡಿಯಾದಾಗ ಸುಮಾರು 3 ಡೆಸಿಬೆಲ್ ಮಾತ್ರ ಇಳಿಯುತ್ತದೆ. ನಾಲ್ಕು ಸಲ ಇಮ್ಮಡಿ ಮಾಡಬೇಕು, ಅಂದರೆ ನೂರು ಮೀಟರಿನಿಂದ ಸಾವಿರದ ಆರುನೂರು ಮೀಟರಿಗೆ ನಡೆಯಬೇಕು. ನೆಲ, ಪೈರು, ಮರಗಿಡ ಒಂದಿಷ್ಟು ಸದ್ದು ಹೀರುವುದರಿಂದ ಅಷ್ಟು ದೂರ ಬೇಕಾಗದಿರಬಹುದು. ಆದರೂ ಒಂದೂವರೆ ಅಡಿಗೆ ಎದುರಾಗಿ ನಿಲ್ಲುವುದು ಕಿಲೋಮೀಟರಿನ ಆಜುಬಾಜು ಎಂಬುದು ನೆನಪಿರಲಿ. ರೆಕಾರ್ಡರಿನ ಗುಂಡಿ ತಿರುಗಿಸಿ ಮಟ್ಟ ತಗ್ಗಿಸಿದರೆ ಈ ಲಾಭ ಬರುವುದಿಲ್ಲ, ಮಾತೂ ಲಾರಿಯೂ ಒಟ್ಟಿಗೇ ತಗ್ಗುತ್ತವೆ.

ಹತ್ತಿರ ಎಂದು ತೀರ ಬಾಯಿಯ ನೇರಕ್ಕೂ ಹಿಡಿಯಬಾರದು. ಕೈಯಲ್ಲಿ ಹಿಡಿಯುವ ಮೈಕಾದರೆ ತುಟಿಯ ಮುಂದಿನಿಂದ ತುಸು ಪಕ್ಕಕ್ಕಿರಲಿ. ಪ, ಬ, ಅದರಲ್ಲೂ ಒತ್ತಿ ಹೇಳುವ ಫ, ಭಗಳ ಜೊತೆ ಬಾಯಿಂದ ಹೊರಡುವ ಉಸಿರು ಕೂಡ ಪುಟ್ಟ ಗಾಳಿಯೇ. ಅದು ನೇರವಾಗಿ ಪೊರೆಗೆ ಬಡಿದರೆ ಪ್ರತಿ ‘ಭೂಮಿ’ಗೂ ಒಂದು ಧಬ್ ಸೇರುತ್ತದೆ.

ನಮ್ಮ ರೈತರ ಹೆಗಲ ಮೇಲೆ ಟವೆಲ್ ಇದೆ. ಮಾತಿನ ಭರದಲ್ಲಿ ಅದು ಜಾರಿ ಮೈಕಿಗೆ ಉಜ್ಜುತ್ತದೆ, ಆ ಸರಸರ ಸದ್ದನ್ನು ಆಮೇಲೆ ತೆಗೆಯಲಾಗದು. ಟವೆಲನ್ನು ಮಡಚಿ ಪಕ್ಕಕ್ಕಿಡಲು ಕೇಳಿಕೊಂಡು, ವೈರನ್ನು ಒಂದು ಸುತ್ತು ಸುತ್ತಿ ಶರ್ಟಿನ ಒಳಗೆ ಟೇಪ್ ಹಾಕಿದರೆ ಎಳೆತದ ಸದ್ದೂ ಬರುವುದಿಲ್ಲ. ಹೆಣ್ಣುಮಕ್ಕಳಾದರೆ ನೋಡಬೇಕಾದದ್ದು ತಾಳಿ ಸರ ಮತ್ತು ಸೆರಗು. ರೇಷ್ಮೆ, ಪಾಲಿಯೆಸ್ಟರ್ ಸದ್ದು ಮಾಡುವಷ್ಟು ಹತ್ತಿ ಬಟ್ಟೆ ಮಾಡುವುದಿಲ್ಲ.

ಈಗ ಕವಚ. ಮೈಕಿನ ಜೊತೆ ಬರುವ ಸ್ಪಂಜಿನ ಟೋಪಿ ಮಂದಮಾರುತಕ್ಕೆ ಸಾಕು, ಆಷಾಢಕ್ಕೆ ಸಾಲದು. ಅದರ ಮೇಲೆ ತುಪ್ಪಳದ ಕವಚ ಬೇಕು, ಮಾರುಕಟ್ಟೆಯಲ್ಲಿ ಡೆಡ್‌ಕ್ಯಾಟ್ ಎಂದು ಕೇಳಿದರೆ ಕೊಡುತ್ತಾರೆ. ಎಳೆಎಳೆಯಾದ ಕೂದಲು ಗಾಳಿಯ ರಭಸವನ್ನು ಅಲ್ಲಲ್ಲೇ ಮುರಿಯುತ್ತದೆ, ಒಳಗಿನ ಮೈಕಿನ ಸುತ್ತ ಅಲುಗದ ಗಾಳಿಯ ಪದರವೊಂದು ಉಳಿಯುತ್ತದೆ. ಮಾತಿನ ಅಲೆ ಆ ಪದರವನ್ನು ದಾಟಿ ಬರುತ್ತದೆ, ಬೀಸು ಹೊರಗೇ ನಿಲ್ಲುತ್ತದೆ. ಈ ನಿಶ್ಚಲ ಗಾಳಿಯ ಜಾಗ ದೊಡ್ಡದಾದಷ್ಟೂ ರಕ್ಷಣೆ ಹೆಚ್ಚು. ಸಿನಿಮಾದವರು ಉದ್ದ ಮೈಕನ್ನು ಬ್ಲಿಂಪ್ ಎಂಬ ಪಂಜರದೊಳಗೆ ತೂಗುಹಾಕಿ ಅದಕ್ಕೆ ತುಪ್ಪಳ ಹೊದಿಸುವುದು ಇದಕ್ಕಾಗಿಯೇ. ಮೈಕಿಗೆ ಬಿಗಿಯಾಗಿ ಅಂಟಿಕೊಂಡ ತುಪ್ಪಳ ಅರ್ಧ ಕೆಲಸವನ್ನಷ್ಟೇ ಮಾಡುತ್ತದೆ. ಕರ್ಚೀಫ್ ಸುತ್ತುವುದು ಅದಕ್ಕಿಂತ ಕಡೆ. ಗಾಳಿ ಪೂರ್ತಿ ನಿಲ್ಲುವುದಿಲ್ಲ, ಮಾತಿನ ಸ, ಶಗಳು ಮಾತ್ರ ಮಂಕಾಗುತ್ತವೆ. ತುಪ್ಪಳ ನೆನೆದು ಜಡೆಗಟ್ಟಿದರೂ ಇದೇ ಗತಿ, ಒಣಗಿಸಿ ಬಾಚಿಯೇ ಬಳಸಬೇಕು.

ಇದರ ಜೊತೆಗೆ ರೆಕಾರ್ಡರಿನಲ್ಲಿ ಲೋ-ಕಟ್ ಎಂಬ ಸ್ವಿಚ್ ಇದ್ದರೆ 80 ಹರ್ಟ್ಜ್‌ಗೆ ಇಡಿ. ಗಂಡಸಿನ ದನಿ ಸಾಮಾನ್ಯವಾಗಿ ನೂರರ ಆಸುಪಾಸಿನಿಂದ ಶುರುವಾಗುವುದರಿಂದ ಮಾತಿಗೆ ಧಕ್ಕೆಯಿಲ್ಲ, ಅದರ ಕೆಳಗಿನ ಗುಡುಗುಡು ಮಾತ್ರ ಇಳಿಯುತ್ತದೆ. ಆದರೆ ಕವಚದ ಬದಲಿಗೆ ಈ ಸ್ವಿಚ್ಚನ್ನು ನೆಚ್ಚಬೇಡಿ. ಗಾಳಿಯ ಹೊಡೆತಕ್ಕೆ ಮೈಕೇ ತನ್ನ ಮಿತಿ ಮೀರಿದರೆ ಆ ಕ್ಷಣದ ಮಾತು ಹರಿದುಹೋಗುತ್ತದೆ, ಹರಿದದ್ದನ್ನು ಯಾವ ಫಿಲ್ಟರೂ ಹೊಲಿಯುವುದಿಲ್ಲ.

ಉಳಿದದ್ದು ಹೊತ್ತು. ರಾತ್ರಿ ತಣ್ಣಗಾದ ನೆಲದ ಮೇಲೆ ತಂಪು ಗಾಳಿಯ ಪದರ ಕದಲದೆ ಮಲಗಿರುತ್ತದೆ, ಮೇಲಿನ ಬೀಸು ಕೆಳಗಿಳಿಯುವುದಿಲ್ಲ. ಬಿಸಿಲೇರಿ ನೆಲ ಕಾದ ಮೇಲೆ ಕೆಳಗಿನದು ಮೇಲಿನದು ಕಲಸಿಕೊಂಡು, ಮಧ್ಯಾಹ್ನಕ್ಕೆ ಗಾಳಿ ಜೋರಾಗುತ್ತದೆ. ಹಾಗಾದರೆ ನಸುಕಿನಲ್ಲೇ ಹೋಗೋಣ ಎನ್ನಿಸುತ್ತದೆ. ಅಲ್ಲೊಂದು ತೊಡಕಿದೆ. ಕೆಳಗೆ ತಂಪು, ಮೇಲೆ ಬೆಚ್ಚಗೆ ಇರುವ ಆ ಹೊತ್ತಿನಲ್ಲಿ ದೂರದ ಸದ್ದು ಮೇಲೆ ಚದುರದೆ ನೆಲದ ಕಡೆಗೇ ಬಾಗಿ ಬರುತ್ತದೆ. ಮೈಲಿ ಆಚೆಯ ರೈಲು ಬೆಳಗಿನ ಜಾವ ಪಕ್ಕದಲ್ಲೇ ಹೋದಂತೆ ಕೇಳುವುದು ಇದರಿಂದಲೇ, ಹೆದ್ದಾರಿಯೂ ಹಾಗೇ ಹತ್ತಿರ ಬಂದುಬಿಡುತ್ತದೆ. ಬಿಸಿಲು ಬಿದ್ದು ಆ ಪದರ ಒಡೆಯುವ ಹೊತ್ತಿಗೂ ಗಾಳಿ ಏಳುವ ಹೊತ್ತಿಗೂ ನಡುವೆ, ಸೂರ್ಯ ಹುಟ್ಟಿ ಒಂದೆರಡು ಗಂಟೆಯ ಅವಧಿ ನಮಗೆ ಅನುಕೂಲ. ಆಷಾಢದಲ್ಲಿ ಅದು ಗಿಡ್ಡ, ಮಾಗಿಯಲ್ಲಿ ಉದ್ದ.

ಆ ಅವಧಿಯಲ್ಲೂ ಲಾರಿಗಳು ಓಡುತ್ತಲೇ ಇರುತ್ತವೆ, ಆದರೆ ಸಮನಾಗಿ ಅಲ್ಲ. ಮುಂದೊಂದು ನಿಧಾನದ ಟ್ರ್ಯಾಕ್ಟರ್ ಇದ್ದರೆ ಹಿಂದೆ ಏಳೆಂಟು ಗಾಡಿ ಕೂಡಿಕೊಂಡು, ಅವು ಹೋದ ಮೇಲೆ ಒಂದಿಷ್ಟು ಬಿಡುವು ಸಿಗುತ್ತದೆ. ಪ್ರಶ್ನೆಯನ್ನು ಆ ಬಿಡುವಿಗೆ ಹಿಡಿದಿಡಬೇಕು. ನಡುವೆ ಹಾರ್ನ್ ಬಿದ್ದರೆ ಮಾತು ತಡೆಯಬಾರದು, ಮುಗಿಯಲು ಬಿಟ್ಟು ಆಮೇಲೆ ಕೇಳಬೇಕು: “ಯಜಮಾನ್ರೇ, ಆ ಕೂರಿಗೆ ವಿಚಾರ ಇನ್ನೊಂದ್ಸಲ ಮೊದ್ಲಿಂದ ಹೇಳ್ತೀರಾ?” ಮೊದಲಿಂದ ಎನ್ನುವುದು ಮುಖ್ಯ. ಕೆಟ್ಟ ಪದವೊಂದನ್ನೇ ಮತ್ತೆ ಹೇಳಿಸಿ ಜೋಡಿಸಿದರೆ ಹಿಂದಿನ ಲಾರಿಯ ಸದ್ದು ಅರ್ಧಕ್ಕೆ ಕತ್ತರಿಸಿ, ಕೇಳುವವರಿಗೆ ಆ ಬಿರುಕು ತಿಳಿದುಬಿಡುತ್ತದೆ. ಪೂರ್ತಿ ವಾಕ್ಯವಿದ್ದರೆ ಕತ್ತರಿ ಹಾಕಲು ಎರಡೂ ತುದಿಯಲ್ಲಿ ಬಿಡುವು ಇರುತ್ತದೆ. ಆ ಬಿಡುವುಗಳನ್ನು ತುಂಬಲು ಯಾರೂ ಮಾತಾಡದ ಒಂದು ನಿಮಿಷದ ಹೊಲದ ಸದ್ದನ್ನೂ ಅದೇ ಮೈಕಿನಲ್ಲಿ, ಅದೇ ಮಟ್ಟದಲ್ಲಿ ಹಿಡಿದಿಡಬೇಕು.

ಇಷ್ಟೆಲ್ಲ ಮಾಡಿಯೂ ಕವಚ ಹಾಕಿದ ಮೈಕಿನಲ್ಲಿ ಧಬಧಬ ನಿಲ್ಲದ ದಿನಗಳಿರುತ್ತವೆ. ಆಗ ರಸ್ತೆಯಿಂದ ಆದಷ್ಟು ಒಳಗೆ ಕಾರು ನಿಲ್ಲಿಸಿ, ಇಂಜಿನ್ ಮತ್ತು ಎಸಿ ಆರಿಸಿ, ಗಾಜು ಏರಿಸಿ, ಹಿಂದಿನ ಸೀಟಿನಲ್ಲಿ ಕೂರಿಸಿ ಮಾತಾಡಿಸುವುದೇ ಸರಿ. ಸೀಟಿನ ಬಟ್ಟೆ ದನಿಯ ಮಾರ್ದನಿಯನ್ನು ಹೀರುತ್ತದೆ, ಲಾರಿಯೂ ತಕ್ಕಮಟ್ಟಿಗೆ ಹೊರಗೆ ಉಳಿಯುತ್ತದೆ. ದನಿ ಸ್ವಲ್ಪ ಪೆಟ್ಟಿಗೆಯೊಳಗಿನಂತೆ ಕೇಳಬಹುದು, ಆದರೆ ಪ್ರತಿ ಪದವೂ ಸ್ಪಷ್ಟವಾಗಿರುತ್ತದೆ. ಅವರು ಇಳಿದು ಹೋಗುವ ಮುನ್ನ ಮೊದಲ ಎರಡು ನಿಮಿಷ, ಕೊನೆಯ ಎರಡು ನಿಮಿಷವನ್ನು ಹೆಡ್‌ಫೋನಿನಲ್ಲಿ ಕೇಳಿಬಿಡಿ. ಕೆಟ್ಟಿದ್ದರೆ ಮತ್ತೆ ಹೇಳಿಸಲು ಅವರಿನ್ನೂ ಪಕ್ಕದಲ್ಲೇ ಇರುತ್ತಾರೆ.