‘ಪೊಟ್ಟಣ ಅಗ್ಗದ್ದಾಗಿ ಕಾಣುತ್ತಿದೆ’ ಎಂದ ಹಳೆಯ ಗಿರಾಕಿಗೆ ಏನೆಂದು ಬರೆಯಬೇಕು?

2009ರ ಜನವರಿಯಲ್ಲಿ ಅಮೆರಿಕದ ಅಂಗಡಿಗಳಲ್ಲಿ ಟ್ರಾಪಿಕಾನಾ ಕಿತ್ತಳೆ ರಸದ ಡಬ್ಬಿಯ ಮುಖ ಬದಲಾಯಿತು. ಹಳೆಯ ಡಬ್ಬಿಯ ಮೇಲೆ ಇಡೀ ಕಿತ್ತಳೆ ಹಣ್ಣಿತ್ತು, ಅದಕ್ಕೇ ಒಂದು ಸ್ಟ್ರಾ ಚುಚ್ಚಿತ್ತು. ಹೊಸದರಲ್ಲಿ ಹಣ್ಣು ಹೋಗಿ ಗಾಜಿನ ಲೋಟದ ತುಂಬ ರಸ ಬಂತು. ಅಡ್ಡಲಾಗಿದ್ದ ಹೆಸರನ್ನು ಡಬ್ಬಿಯ ಉದ್ದಕ್ಕೆ ನಿಲ್ಲಿಸಿದರು. ಒಳಗಿನ ರಸ ಮಾತ್ರ ಮೊದಲಿನದೇ. ಆದರೂ ಫೆಬ್ರವರಿ ಕೊನೆಯ ಹೊತ್ತಿಗೆ ಮಾರಾಟ ಸುಮಾರು ಶೇ. 20ರಷ್ಟು ಕುಸಿದಿತ್ತು. ಎರಡು ತಿಂಗಳೂ ತುಂಬುವ ಮುನ್ನ ಮಾಲೀಕ ಸಂಸ್ಥೆ ಪೆಪ್ಸಿಕೋ ಹಳೆಯ ಚಿತ್ರವನ್ನೇ ಮರಳಿ ತರುವುದಾಗಿ ಘೋಷಿಸಿತು.

ಅಷ್ಟರೊಳಗೆ ಕಂಪನಿಗೆ ಪತ್ರ, ಇಮೇಲ್, ಫೋನು ಬರತೊಡಗಿದ್ದವು. ಡಬ್ಬಿ ಚೆಂದವಿಲ್ಲ ಎಂದವರಿದ್ದರು. ಅಂಗಡಿಯವರು ತಮ್ಮದೇ ಹೆಸರು ಹಾಕಿ ಅಗ್ಗದಲ್ಲಿ ಮಾರುವ ಸರಕಿನಂತೆ ಇದು ಕಾಣುತ್ತದೆ ಎಂಬುದು ಅವುಗಳಲ್ಲಿ ಮುಖ್ಯವಾದ ದೂರು. ಕೊಳ್ಳುವವರ ಒಟ್ಟು ಸಂಖ್ಯೆಯ ಮುಂದೆ ಹೀಗೆ ದೂರಿದವರು ತೀರ ಕಡಿಮೆ. ಆದರೆ ಅವರೇ ಅತ್ಯಂತ ನಿಷ್ಠೆಯ ಗಿರಾಕಿಗಳು ಎಂಬುದನ್ನು ಟ್ರಾಪಿಕಾನಾದ ಉತ್ತರ ಅಮೆರಿಕ ಮುಖ್ಯಸ್ಥರು ಬಹಿರಂಗವಾಗಿ ಒಪ್ಪಿಕೊಂಡರು. ದೂರಿದವರನ್ನೆಲ್ಲ ಸಂಪರ್ಕಿಸಿ ತೀರ್ಮಾನ ತಿಳಿಸುವುದಾಗಿಯೂ ಕಂಪನಿ ಹೇಳಿತು.

ನಮ್ಮಲ್ಲಿ ಕಾಫಿಪುಡಿ, ಸಾಂಬಾರ್ ಪುಡಿ, ಊದುಬತ್ತಿ, ಹಪ್ಪಳ ಮಾರುವ ಎಷ್ಟೋ ಮನೆತನದ ಉದ್ಯಮಗಳು ಈಗ ಪೊಟ್ಟಣ ಬದಲಾಯಿಸುತ್ತಿವೆ. ಅವುಗಳಿಗೂ ಇಂಥ ಪತ್ರ ಬರುತ್ತದೆ, ಆದರೆ ಹಳೆಯದನ್ನು ಮರಳಿ ತರುವಷ್ಟು ಹಣ ಎಲ್ಲರ ಬಳಿಯೂ ಇರುವುದಿಲ್ಲ. ಹಾಗಾಗಿ ಕೈಯಲ್ಲಿ ಉಳಿಯುವುದು ಉತ್ತರವೊಂದೇ. ಅದನ್ನು ಹೇಗೆ ಬರೆಯಬೇಕೆಂಬುದನ್ನು ಒಂದು ಕಲ್ಪಿತ ಉದಾಹರಣೆಯಲ್ಲಿ ನೋಡೋಣ.

ಚಿಕ್ಕಮಗಳೂರಿನ ಕಾಫಿಪುಡಿಯ ಅಂಗಡಿಯೊಂದು ಹೊಳೆಯುವ ಕೆಂಪು ಪೊಟ್ಟಣವನ್ನು ಬಿಟ್ಟು, ಮಿರುಗಿಲ್ಲದ ತೆಳು ಕಂದು ಪೊಟ್ಟಣಕ್ಕೆ ಬಂದಿದೆ ಎಂದುಕೊಳ್ಳಿ. ಹಾಸನದ ಹಿರಿಯ ಗೃಹಿಣಿಯೊಬ್ಬರು ಬರೆಯುತ್ತಾರೆ: ‘ನಮ್ಮ ಅತ್ತೆಯವರ ಕಾಲದಿಂದ ನಿಮ್ಮ ಪುಡಿಯನ್ನೇ ತರಿಸುತ್ತಿದ್ದೇವೆ. ಈ ಸಲ ಬಂದ ಪೊಟ್ಟಣ ಯಾವುದೋ ಸಂತೆಯಲ್ಲಿ ಕೊಂಡಿದ್ದರಂತಿದೆ. ಮುಟ್ಟಿದರೆ ತೆಳು. ಡಿಕಾಕ್ಷನ್ನೂ ಮೊದಲಿನ ಹಾಗೆ ಇಳಿಯುತ್ತಿಲ್ಲ. ನೀವೂ ಹೀಗೆ ಮಾಡಬಹುದೇ?’

ಈ ಪತ್ರದಲ್ಲಿ ಬಣ್ಣ, ವಿನ್ಯಾಸಗಳ ಚರ್ಚೆ ಕಡಿಮೆ. ಆಕೆ ನಿಜವಾಗಿ ಕೇಳುತ್ತಿರುವುದು ಇಷ್ಟು: ಒಳಗಿನ ಪುಡಿ ಅದೇನಾ? ತೂಕ ಇಳಿಸಿದ್ದೀರಾ? ನನ್ನ ಕೈಗೆ ಬಂದದ್ದು ನಿಮ್ಮದೇನಾ, ಇಲ್ಲ ಯಾರಾದರೂ ಮಾಡಿದ ನಕಲೋ? ಈ ಮೂರಕ್ಕೂ ಪರೀಕ್ಷಿಸಿ ನೋಡಬಹುದಾದ ಉತ್ತರ ಕೊಡದೆ ಹೊಸ ವಿನ್ಯಾಸದ ಸೊಗಸನ್ನು ವಿವರಿಸಿದರೆ ಆಕೆಯ ಅನುಮಾನ ಇನ್ನಷ್ಟು ಗಟ್ಟಿಯಾಗುತ್ತದೆ.

ಅದಕ್ಕೇ ಬರೆಯುವ ಮೊದಲು ವಿಚಾರಿಸಬೇಕು. ದೂರು ಬಂದ ದಿನವೇ ಫೋನು ಮಾಡಿ, ಪೊಟ್ಟಣದ ಮುಂದಿನ, ಹಿಂದಿನ ಭಾಗಗಳ ಫೋಟೊ ಕೇಳಬೇಕು. ಬ್ಯಾಚ್ ಸಂಖ್ಯೆ ಮತ್ತು ತಯಾರಾದ ತಿಂಗಳು ಅದರಲ್ಲಿ ಸ್ಪಷ್ಟವಾಗಿ ಕಾಣಬೇಕು. ಆ ಸಂಖ್ಯೆಯನ್ನು ಸರಕು ಕಳಿಸಿದ ಪುಸ್ತಕದೊಂದಿಗೆ ತಾಳೆ ನೋಡಬೇಕು. ಆ ಬ್ಯಾಚು ಹಾಸನದ ಕಡೆಗೆ ಹೋಗಿಯೇ ಇಲ್ಲವೆಂದರೆ ಅದು ನಕಲಿ ಇರಬಹುದು, ಆಗ ಹಿಡಿಯಬೇಕಾದ ದಾರಿಯೇ ಬೇರೆ. ಬ್ಯಾಚು ಸರಿಯಿದ್ದರೂ ಮುದ್ರಣ ಕೆಟ್ಟಿರಬಹುದು. ಶಾಯಿ ತೆಳುವಾಗಿ ಕೂತರೆ ಕಂದು ಬಣ್ಣ ಮಣ್ಣಿನ ಬಣ್ಣಕ್ಕೆ ತಿರುಗುತ್ತದೆ. ಒಂದು ಬಣ್ಣದ ಅಚ್ಚು ಕೂದಲೆಳೆಯಷ್ಟು ಸರಿದರೂ ಅಕ್ಷರಗಳ ಅಂಚು ಎರಡಾಗಿ ಕಾಣುತ್ತದೆ. ಮುದ್ರಣಕ್ಕೆ ಒಪ್ಪಿಗೆ ಕೊಟ್ಟಾಗ ಸಹಿ ಮಾಡಿ ಇಟ್ಟುಕೊಂಡ ಮಾದರಿ ಹಾಳೆಯ ಪಕ್ಕಕ್ಕೆ ಅದೇ ಬ್ಯಾಚಿನ ಪೊಟ್ಟಣ ಹಿಡಿದರೆ ಇದು ಗೊತ್ತಾಗುತ್ತದೆ. ಎರಡೂ ಒಂದೇ ಥರ ಇದ್ದರೆ ಆಕೆಗೆ ಅಗ್ಗವೆನಿಸಿದ್ದು ನಾವೇ ಆರಿಸಿಕೊಂಡ ವಿನ್ಯಾಸ ಎಂದಾಯಿತು.

ರುಚಿಯ ದೂರನ್ನೂ ತಳ್ಳಿಹಾಕಬಾರದು. 2011ರ ಚಳಿಗಾಲದಲ್ಲಿ ಕೋಕಾಕೋಲಾ ಹಿಮಕರಡಿಗಳ ನೆರವಿಗೆಂದು ಅಮೆರಿಕದಲ್ಲಿ ಬಿಳಿ ಡಬ್ಬಿ ತಂದಿತು. ಬೆಳ್ಳಿ ಬಣ್ಣದ ಡಯಟ್ ಕೋಕ್ ಎಂದುಕೊಂಡು ತಪ್ಪಾಗಿ ಕೊಂಡವರು ದೂರಿದರು. ಪಾನೀಯದಲ್ಲಿ ಏನೂ ಬದಲಾಗದಿದ್ದರೂ ರುಚಿಯೇ ಬದಲಾಗಿದೆ ಎಂದವರೂ ಇದ್ದರು. ಕಂಪನಿ ಬೇಗನೆ ಕೆಂಪು ಡಬ್ಬಿಗೆ ಮರಳಿತು. ಕಣ್ಣು ಕೊಟ್ಟ ಸೂಚನೆಯನ್ನು ನಾಲಗೆಯೂ ಸೇರಿಸಿಕೊಂಡೇ ರುಚಿ ನೋಡುತ್ತದೆ. ಹಾಗಾಗಿ ಆಕೆಗೆ ಆದ ಅನುಭವ ನಿಜ. ‘ಅದು ನಿಮ್ಮ ಭ್ರಮೆ’ ಎಂದು ಬರೆಯುವುದು ಅವಮಾನ, ಸುಳ್ಳು ಕೂಡ. ಇನ್ನು ಕಾಫಿಯ ವಿಷಯದಲ್ಲಂತೂ ಪೊಟ್ಟಣ ಬದಲಾದರೆ ಪುಡಿ ನಿಜವಾಗಿಯೂ ಬದಲಾಗಬಹುದು. ಹುರಿದು ಪುಡಿಮಾಡಿದ ಕಾಫಿಗೆ ಗಾಳಿ ತಗುಲಿದರೆ ಪರಿಮಳ ಹಾರಿಹೋಗುತ್ತದೆ. ಹಳೆಯ ಪೊಟ್ಟಣದ ನಡುವೆ ಇದ್ದ ಅಲ್ಯೂಮಿನಿಯಂ ಪದರ ಗಾಳಿಯನ್ನು ತಡೆಯುತ್ತಿತ್ತು, ಹೊಳಪೂ ಅದರದೇ. ಬೇರೆ ಬೇರೆ ವಸ್ತುಗಳ ಪದರಗಳನ್ನು ಅಂಟಿಸಿದ ಅಂಥ ಹಾಳೆಯನ್ನು ಮತ್ತೆ ಬಿಡಿಸಿ ಮರುಬಳಕೆ ಮಾಡುವುದು ಕಷ್ಟ ಎಂದು ಹಲವರು ಒಂದೇ ಬಗೆಯ ಪ್ಲಾಸ್ಟಿಕ್ಕಿಗೆ ಬರುತ್ತಿದ್ದಾರೆ. ಅದರಲ್ಲಿ ಹೊಳಪು ಹೋಗುತ್ತದೆ, ಕೈಗೆ ಮೆತ್ತಗೆ ತಾಗುತ್ತದೆ, ಗಾಳಿ ತಡೆಯುವ ಶಕ್ತಿಯೂ ಸಾಮಾನ್ಯವಾಗಿ ಕಡಿಮೆ. ಅದೇ ಬ್ಯಾಚಿನಿಂದ ತೆಗೆದಿಟ್ಟ ಪುಡಿಯಲ್ಲಿ ಡಿಕಾಕ್ಷನ್ ಇಳಿಸಿ ಕುಡಿದು ನೋಡದೆ ‘ರುಚಿ ಅದೇ ಇದೆ’ ಎಂದು ಬರೆಯುವ ಹಕ್ಕು ಯಾರಿಗೂ ಇಲ್ಲ.

ಸಾಮಾನ್ಯವಾಗಿ ಹೋಗುವ ಉತ್ತರ ಹೀಗಿರುತ್ತದೆ: ‘ನಿಮ್ಮ ಅಮೂಲ್ಯ ಅಭಿಪ್ರಾಯಕ್ಕೆ ಧನ್ಯವಾದಗಳು. ಬದಲಾಗುತ್ತಿರುವ ಕಾಲಕ್ಕೆ ತಕ್ಕಂತೆ ನಮ್ಮ ಪೊಟ್ಟಣಕ್ಕೆ ಆಧುನಿಕ ಸ್ಪರ್ಶ ನೀಡಲಾಗಿದೆ. ಬಹುಪಾಲು ಗ್ರಾಹಕರು ಇದನ್ನು ಮೆಚ್ಚಿದ್ದಾರೆ. ಮುಂದಿನ ಖರೀದಿಗೆ ಶೇ. 10 ರಿಯಾಯಿತಿ ಕೂಪನ್ ಲಗತ್ತಿಸಿದೆ.’ ಇದರಲ್ಲಿ ಆಕೆ ಕೇಳಿದ ಒಂದು ಪ್ರಶ್ನೆಗೂ ಉತ್ತರವಿಲ್ಲ. ಬಹುಪಾಲು ಜನ ಮೆಚ್ಚಿದ್ದಾರೆ ಎಂದರೆ ನೀವೊಬ್ಬರೇ ಬೇರೆ ಎಂದಂತೆ. ಕೂಪನ್ನು ಎಲ್ಲಕ್ಕಿಂತ ಕೆಟ್ಟದ್ದು. ಸರಕು ಅಗ್ಗವಾಯಿತೇ ಎಂದು ಕೇಳಿದವರ ಕೈಗೆ ಬೆಲೆ ಇಳಿಸಿದ ಚೀಟಿ ಕೊಟ್ಟರೆ ಹೌದು ಎಂದು ಒಪ್ಪಿಕೊಂಡಂತಾಗುತ್ತದೆ.

ವಿಚಾರಿಸಿ, ಕುಡಿದು ನೋಡಿದ ಮೇಲೆ ಬರೆಯುವ ಪತ್ರ ಹೀಗಿರಬಹುದು:

‘ಮಾನ್ಯರೇ, ನಮಸ್ಕಾರ. ನೀವು ಕಳಿಸಿದ ಫೋಟೊ ನೋಡಿದೆವು. ನಿಮ್ಮ ಕೈಗೆ ಬಂದಿರುವುದು ನಮ್ಮದೇ ಪೊಟ್ಟಣ, ನಕಲಿ ಅಲ್ಲ. ಬ್ಯಾಚ್ ಸಂಖ್ಯೆ ನಮ್ಮ ಪುಸ್ತಕದಲ್ಲಿದೆ. ಒಳಗಿನ ಪುಡಿಯಲ್ಲಿ ಮೊದಲಿನಂತೆಯೇ ಶೇ. 80 ಕಾಫಿ, ಶೇ. 20 ಚಿಕೋರಿ ಇದೆ. ತೂಕ ಮೊದಲಿನಂತೆಯೇ 500 ಗ್ರಾಂ, ಬೆಲೆಯನ್ನೂ ಏರಿಸಿಲ್ಲ. ಈ ಮೂರೂ ಪೊಟ್ಟಣದ ಹಿಂಭಾಗದಲ್ಲಿ ಅಚ್ಚಾಗಿವೆ, ಹಳೆಯ ಪೊಟ್ಟಣ ಇದ್ದರೆ ದಯವಿಟ್ಟು ಹೋಲಿಸಿ ನೋಡಿ.

‘ಬದಲಾಗಿರುವುದು ಹೊದಿಕೆ. ಹಳೆಯದರಲ್ಲಿ ಅಲ್ಯೂಮಿನಿಯಂ ಪದರವಿತ್ತು, ಹೊಸದರಲ್ಲಿ ಇಲ್ಲ. ಬಳಸಿದ ಮೇಲೆ ಮರುಬಳಕೆಗೆ ಕೊಡಲು ಆಗಲಿ ಎಂದು ಹೀಗೆ ಮಾಡಿದೆವು. ಅದರಿಂದ ಹೊಳಪು ಹೋಗಿದೆ, ಕೈಗೆ ತೆಳುವೆನಿಸುತ್ತದೆ. ನಿಮಗೆ ಹಾಗೆ ಕಂಡದ್ದು ಸಹಜ, ಈ ಮಾತನ್ನು ಬೇರೆ ಹಳೆಯ ಗಿರಾಕಿಗಳೂ ನಮಗೆ ಹೇಳಿದ್ದಾರೆ. ಕೆಂಪು ಬಣ್ಣವನ್ನೂ ತೆಗೆದದ್ದರಿಂದ ಅಂಗಡಿಯಲ್ಲಿ ನಮ್ಮ ಪುಡಿಯನ್ನು ಗುರುತಿಸುವುದು ಕಷ್ಟವಾಗಿದೆ.

‘ಡಿಕಾಕ್ಷನ್ ಬಗ್ಗೆ ನೀವು ಬರೆದದ್ದಕ್ಕೆ ಅದೇ ಬ್ಯಾಚಿನಿಂದ ತೆಗೆದಿಟ್ಟಿದ್ದ ಪುಡಿಯನ್ನು ಇಳಿಸಿ ನೋಡಿದೆವು. ಇಲ್ಲಿ ಮೊದಲಿನಂತೆಯೇ ಬಂತು. ಆದರೆ ಹೊಸ ಪೊಟ್ಟಣ ಒಡೆದ ಮೇಲೆ ಪುಡಿಯನ್ನು ಅದರಲ್ಲೇ ಇಟ್ಟರೆ ಪರಿಮಳ ಬೇಗ ಇಳಿಯಬಹುದು. ಬಿಗಿ ಮುಚ್ಚಳದ ಡಬ್ಬಿಗೆ ಸುರಿದಿಡಬೇಕೆಂದು ನಾವು ಪೊಟ್ಟಣದ ಮೇಲೆ ಬರೆಯಬೇಕಿತ್ತು, ಬರೆದಿಲ್ಲ. ಮುಂದಿನ ಮುದ್ರಣದಲ್ಲಿ ಅದನ್ನು ಸೇರಿಸುತ್ತೇವೆ. ನಿಮ್ಮ ಪೊಟ್ಟಣದ ಬದಲಿಗೆ ಈ ವಾರ ಪುಡಿಮಾಡಿದ್ದನ್ನು ಕಳಿಸುತ್ತಿದ್ದೇವೆ. ಅದರಲ್ಲೂ ವ್ಯತ್ಯಾಸ ಕಂಡರೆ ಕೆಳಗಿನ ನಂಬರಿಗೆ ಫೋನು ಮಾಡಿ, ಪುಡಿ ಹುರಿಯುವವರೇ ಮಾತಾಡುತ್ತಾರೆ. ಹಳೆಯ ಪೊಟ್ಟಣ ಮರಳಿ ಬರುತ್ತದೆಂದು ಈಗ ಹೇಳಲಾರೆವು.’

ಪತ್ರದ ಮೊದಲ ಪ್ಯಾರಾದಲ್ಲೇ ನಕಲಿ, ಪುಡಿ, ತೂಕ ಮೂರಕ್ಕೂ ಉತ್ತರ ಬಂದಿದೆ, ಪುರಾವೆ ಆಕೆಯ ಕೈಯಲ್ಲೇ ಇದೆ. ಕಾಫಿ ಮತ್ತು ಚಿಕೋರಿಯ ಪಾಲನ್ನು ಪೊಟ್ಟಣದ ಮೇಲೆ ಹಾಕುವುದು ನಮ್ಮಲ್ಲಿ ಕಾನೂನಿನ ಕಡ್ಡಾಯ, ಮಿಶ್ರಣದಲ್ಲಿ ಕಾಫಿ ಶೇ. 51ಕ್ಕಿಂತ ಕಡಿಮೆ ಇರುವಂತಿಲ್ಲ. ಬದಲಾವಣೆಗೆ ಕೊಟ್ಟ ಕಾರಣವೂ ನಿಜವಾದದ್ದೇ ಆಗಿರಬೇಕು. ಖರ್ಚು ಉಳಿಸಲು ಬದಲಾಯಿಸಿದ್ದರೆ ಹಾಗೆಂದೇ ಹೇಳಿ, ಉಳಿದ ಹಣ ಎಲ್ಲಿಗೆ ಹೋಯಿತೆಂದೂ ಹೇಳಬೇಕು. ಖರ್ಚಿನ ಮಾತನ್ನು ಪರಿಸರದ ಹೆಸರಿನಲ್ಲಿ ಮುಚ್ಚಿಟ್ಟರೆ ಇಂದಲ್ಲ ನಾಳೆ ಬಯಲಾಗುತ್ತದೆ. ಹಳೆಯದು ಮರಳಿ ಬರುತ್ತದೆಂದು ಸುಮ್ಮನೆ ಆಸೆ ಹುಟ್ಟಿಸುವುದೂ ಅಷ್ಟೇ ತಪ್ಪು.

ತೂಕ ನಿಜಕ್ಕೂ ಇಳಿದಿದ್ದರೆ ಎಷ್ಟು ಒಳ್ಳೆಯ ಪತ್ರ ಬರೆದರೂ ಉಪಯೋಗವಿಲ್ಲ. ಅದೇ ಟ್ರಾಪಿಕಾನಾ 2024ರಲ್ಲಿ ಬಾಟಲಿಯ ಆಕಾರ ಬದಲಿಸಿತು. ಜೊತೆಗೆ 52 ಔನ್ಸ್ ಇದ್ದ ರಸವನ್ನು 46ಕ್ಕೆ ಇಳಿಸಿತು. ಆ ವರ್ಷವೂ ಮಾರಾಟ ಬಿದ್ದ ಸುದ್ದಿ ಬಂತು. 2009ರ ದೂರಿಗೆ ‘ರಸ ಅದೇ ಇದೆ’ ಎಂಬ ಸತ್ಯದ ಉತ್ತರವಾದರೂ ಇತ್ತು, ಈ ಸಲ ಅಳತೆಯೇ ಇಳಿದಿದ್ದರಿಂದ ಅದೂ ಇರಲಿಲ್ಲ. ನಮ್ಮಲ್ಲಿ ಈಗ ಗ್ರಾಮಿಗೆ ಎಷ್ಟು ಬೆಲೆ ಎಂಬುದನ್ನೂ ಪೊಟ್ಟಣದ ಮೇಲೆ ಅಚ್ಚು ಹಾಕಬೇಕು. ಹಾಗಾಗಿ ತೂಕ ಇಳಿಸಿ ಬೆಲೆ ಹಾಗೇ ಇಟ್ಟದ್ದನ್ನು ಗಿರಾಕಿ ಅಂಗಡಿಯಲ್ಲಿ ನಿಂತೇ ಕಂಡುಹಿಡಿಯಬಹುದು.

ಪತ್ರ ಕಳಿಸಿದ ಮೇಲೂ ಸ್ವಲ್ಪ ಕೆಲಸವಿದೆ. ಇಂಥ ದೂರುಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು: ಎಷ್ಟು ವರ್ಷದ ಗಿರಾಕಿ, ಯಾವ ಊರು, ಅಗ್ಗವೆನಿಸಿದ್ದು ಯಾವುದರಿಂದ, ಹೊಳಪಿನಿಂದಲೋ ಬಣ್ಣದಿಂದಲೋ ಮುಟ್ಟಿದಾಗಲೋ. ಎಲ್ಲರೂ ಕೆಂಪು ಬಣ್ಣವನ್ನೇ ಕೇಳುತ್ತಿದ್ದರೆ ಹೊಸ ಹೊದಿಕೆಯನ್ನು ಬಿಡಬೇಕಿಲ್ಲ, ಅದರ ಮೇಲೆ ಹಳೆಯ ಕೆಂಪನ್ನು ಮುಂದಿನ ಮುದ್ರಣದಲ್ಲಿ ತರಬಹುದು. ಅಲ್ಲಿಯವರೆಗೆ ಹಳೆಯ ಪೊಟ್ಟಣದ ಚಿತ್ರವಿರುವ ಸಣ್ಣ ಚೀಟಿಯನ್ನು ಹೊಸದರ ಮೇಲೆ ಅಂಟಿಸಿದರೆ ಅಂಗಡಿಯಲ್ಲಿ ಗುರುತು ಸಿಗುತ್ತದೆ.

ದೂರು ಬರೆಯುವ ಓದುಗರಲ್ಲಿ ಒಂದು ಕೋರಿಕೆ. ಪೊಟ್ಟಣವನ್ನು ಎಸೆಯಬೇಡಿ, ಬ್ಯಾಚ್ ಸಂಖ್ಯೆಯನ್ನೂ ಅಂಗಡಿಯ ಹೆಸರನ್ನೂ ಪತ್ರದಲ್ಲಿ ಬರೆಯಿರಿ. ದೂರು ಎಲ್ಲಿಗೆ ಕೊಡಬೇಕೆಂಬ ವಿಳಾಸ, ಫೋನ್ ನಂಬರು ಪ್ರತಿ ಪೊಟ್ಟಣದ ಮೇಲೂ ಇರಲೇಬೇಕೆಂದು ಕಾನೂನು ಹೇಳುತ್ತದೆ. ಅದು ಇಲ್ಲದಿದ್ದರೆ ಆ ಪೊಟ್ಟಣವನ್ನು ಕೊಳ್ಳಬೇಡಿ.