ಪಿನ್ ಮರೆತ ಫೋನ್: ಆಫ್ ಮಾಡೋ ಮುಂಚೆ ಇದನ್ನ ಓದಿ

ಫೋನ್‌ನ ಪಿನ್ ಮರೆತುಹೋಗಿದೆ ಅಂತ ಗೊತ್ತಾದ ತಕ್ಷಣ ಹೆಚ್ಚಿನವರು ಮಾಡೋ ಮೊದಲ ಕೆಲಸ ಆಫ್ ಮಾಡಿ ಆನ್ ಮಾಡೋದು. ಬೇರೆಲ್ಲ ತೊಂದರೆಗೂ ಅದೇ ಮದ್ದು, ಇದಕ್ಕೂ ಆಗಬಹುದು ಅನ್ನೋ ಲೆಕ್ಕ. ಆದರೆ ಈ ಒಂದು ತೊಂದರೆಯಲ್ಲಿ ಮಾತ್ರ ಅದು ಒಂದು ಬೀಗದ ಮೇಲೆ ಇನ್ನೊಂದು ಬೀಗ ಜಡಿದ ಹಾಗೆ.

ಯಾಕೆ ಅಂದರೆ, ಇವತ್ತಿನ ಆಂಡ್ರಾಯ್ಡ್ ಫೋನ್‌ಗಳಲ್ಲಿ ಫೋಟೊ, ಕಾಂಟ್ಯಾಕ್ಟ್ ಎಲ್ಲವೂ ಎನ್‌ಕ್ರಿಪ್ಟ್ ಆಗಿರುತ್ತವೆ, ಅಂದರೆ ಯಾರಿಗೂ ಓದಲಾಗದ ಹಾಗೆ ಕಲಸಿಟ್ಟಿರುತ್ತವೆ. ಅದನ್ನು ಬಿಡಿಸುವ ಕೀ ತಯಾರಾಗುವುದು ಎರಡು ವಸ್ತುಗಳಿಂದ: ಫೋನಿನ ಚಿಪ್ ಒಳಗೆ ಅಡಗಿರುವ ಒಂದು ಗುಟ್ಟು, ಮತ್ತು ನೀವು ಒತ್ತುವ ಪಿನ್. ಫೋನ್ ಆನ್ ಆದ ಮೇಲೆ ಒಂದು ಸಲ ಪಿನ್ ಹಾಕಿದರೆ ಆ ಕೀ ಮೆಮೊರಿಯಲ್ಲಿ ಉಳಿದುಕೊಳ್ಳುತ್ತದೆ. ಆಮೇಲೆ ಸ್ಕ್ರೀನ್ ಲಾಕ್ ಆದರೂ ಒಳಗಿನ ಬೀಗ ತೆರೆದೇ ಇರುತ್ತದೆ, ಬಾಗಿಲು ಮಾತ್ರ ಮುಂದೆ ಮಾಡಿದ ಹಾಗೆ. ಬೆರಳಚ್ಚು ತೆಗೆಯೋದು ಆ ಮುಂದೆ ಮಾಡಿದ ಬಾಗಿಲನ್ನಷ್ಟೇ. ರೀಸ್ಟಾರ್ಟ್ ಮಾಡಿದರೆ ಮೆಮೊರಿಯ ಕೀ ಅಳಿಸಿಹೋಗುತ್ತದೆ. ಆಮೇಲೆ ಎಷ್ಟೇ ಬೆರಳಿಟ್ಟರೂ ಫೋನ್ ಪಿನ್ ಕೇಳುತ್ತದೆ, ಬೇರೆ ದಾರಿ ಇಲ್ಲ.

ನಿಮ್ಮ ಫೋನ್ ಯಾವ ಸ್ಥಿತಿಯಲ್ಲಿದೆ ಅಂತ ತಿಳಿಯೋಕೆ ಸುಲಭದ ಒಂದು ಪರೀಕ್ಷೆ ಇದೆ. ಫೋನ್‌ಬುಕ್‌ನಲ್ಲಿರುವ ಯಾರಿಂದಾದರೂ ಆ ಫೋನ್‌ಗೆ ಕಾಲ್ ಮಾಡಿಸಿ. ಹೆಸರು ಬಂದರೆ ಕೀ ಇನ್ನೂ ಒಳಗಿದೆ. ಬರೀ ನಂಬರ್ ಬಂದರೆ ಫೋನ್ ರೀಸ್ಟಾರ್ಟ್ ಆಗಿದೆ, ಕಾಂಟ್ಯಾಕ್ಟ್ ಪಟ್ಟಿಯನ್ನು ಓದೋಕೆ ಫೋನ್‌ಗೇ ಆಗುತ್ತಿಲ್ಲ ಅಂತ ಅರ್ಥ.

ಈಚೆಗೆ ಸಾಗರದಲ್ಲಿರುವ ನಮ್ಮತ್ತೆಯ ಫೋನ್‌ನಲ್ಲಿ ಇದೆಲ್ಲ ಕೆಲಸಕ್ಕೆ ಬಂತು. ಬ್ಯಾಂಕ್ ಮೋಸದ ಸುದ್ದಿ ಕೇಳಿ ಹೆದರಿ ಅತ್ತೆ ಭಾನುವಾರ ಸಂಜೆ ನಾಲ್ಕಂಕಿಯ ಪಿನ್ ತೆಗೆದು ಆರಂಕಿಯದು ಹಾಕಿದ್ದರು. ಸೋಮವಾರವೆಲ್ಲ ಬೆರಳಿಟ್ಟೇ ತೆಗೆದಿದ್ದಾರೆ. ಮಂಗಳವಾರ ರಾತ್ರಿ ಎಂಟಕ್ಕೆ ಕಾಲ್ ಬಂತು, ಅದೂ ಪಕ್ಕದ ಮನೆ ಹುಡುಗನ ಫೋನಿಂದ. "ಅಡಿಕೆ ಸುಲಿದೂ ಸುಲಿದೂ ಬೆರಳೆಲ್ಲ ಸವೆದುಹೋಗಿದೆ ಮಾರಾಯ. ಒಂದ್ಸಲ ತಗೊಳ್ಳತ್ತೆ, ನಾಲ್ಕು ಸಲ ಇಲ್ಲ. ನಂಬರ್ ನೆನಪಾಗ್ತಾ ಇಲ್ಲ. ನಿನ್ನ ಮಾವನ ಫೋಟೊ ಪೂರಾ ಅದ್ರಲ್ಲೇ ಇರೋದು." ಮಾವ ತೀರಿಕೊಂಡು ಇನ್ನೂ ವರ್ಷ ಆಗಿರಲಿಲ್ಲ.

"ಅತ್ತೆ, ಆಫ್ ಮಾಡಿದ್ರಾ?"

"ಇಲ್ಲಪ್ಪ, ಈಗ ಮಾಡೋಣ ಅಂತಿದ್ದೆ."

ಅಲ್ಲೇ ತಡೆದೆ. ಚಾರ್ಜರ್‌ಗೆ ಹಾಕಿಸಿದೆ, ಯಾಕಂದರೆ ಬ್ಯಾಟರಿ ಸತ್ತರೂ ಅದು ರೀಸ್ಟಾರ್ಟೇ. ಇನ್ನು ಸಮಯದ ಲೆಕ್ಕ. ಆಂಡ್ರಾಯ್ಡ್ ಬೆರಳಚ್ಚನ್ನು ಹೆಚ್ಚೆಂದರೆ 72 ಗಂಟೆ ನಂಬುತ್ತದೆ, ಆಮೇಲೆ ಒಂದು ಸಲ ಪಿನ್ ಬೇಕೇ ಬೇಕು. ಭಾನುವಾರ ಸಂಜೆಯಿಂದ ಎಣಿಸಿದರೆ ನಮಗಿದ್ದದ್ದು ಬುಧವಾರ ಸಂಜೆಯವರೆಗೆ ಮಾತ್ರ. ರಾತ್ರಿ ತಾನಾಗಿ ಅಪ್‌ಡೇಟ್ ಆಗಿ ರೀಸ್ಟಾರ್ಟ್ ಆಗುವ ಫೋನ್‌ಗಳೂ ಇವೆ, ಹಾಗಾಗಿ ಬೆಳಿಗ್ಗೆವರೆಗೆ ಬಿಡುವ ಮಾತೇ ಇರಲಿಲ್ಲ.

ಬೆರಳಿಗೂ ಒಂದು ಮಿತಿ ಇದೆ. ಸಾಮಾನ್ಯವಾಗಿ ಐದು ಸಲ ಹೊಂದದಿದ್ದರೆ ಅರ್ಧ ನಿಮಿಷ ಕಾಯಿಸುತ್ತದೆ. ಹೀಗೇ ಸುಮಾರು ಇಪ್ಪತ್ತು ಸಲ ತಪ್ಪಿದರೆ ಬೆರಳನ್ನೇ ಬಿಟ್ಟು ಪಿನ್ ಕೇಳುತ್ತದೆ. ಅದಕ್ಕೇ ಒತ್ತಿ ಒತ್ತಿ ನೋಡೋದು ಬೇಡ ಅಂದೆ. ಅತ್ತೆ ಬಿಸಿನೀರಲ್ಲಿ ಕೈ ತೊಳೆದು, ಒರೆಸಿ, ಒಂದು ಹನಿ ಕೊಬ್ಬರಿ ಎಣ್ಣೆ ಸವರಿ ಮತ್ತೆ ಒರೆಸಿಕೊಂಡರು. ಸೆನ್ಸರ್ ಗಾಜನ್ನೂ ಬಟ್ಟೆಯಲ್ಲಿ ಒರೆಸಿದರು. ಮೂರನೇ ಸಲಕ್ಕೆ ತೆರೀತು.

ತೆರೆದ ಮೇಲೆ ಪಿನ್ ಬದಲಿಸಲು ಹೋಗಬೇಡಿ. ಸೆಟ್ಟಿಂಗ್ಸ್‌ನಲ್ಲಿ ಪಿನ್ ಬದಲಿಸಲು, ಇನ್ನೊಂದು ಬೆರಳು ಸೇರಿಸಲು, ಡೆವಲಪರ್ ಆಪ್ಶನ್ಸ್ ಆನ್ ಮಾಡಲು, ಎಲ್ಲದಕ್ಕೂ ಹಳೇ ಪಿನ್ ಕೇಳುತ್ತದೆ. ಆದರೆ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಸ್ಕ್ರೀನ್ ಆರಿಹೋಗುವ ಸಮಯವನ್ನು ಹೆಚ್ಚಿಸೋಕೆ ಏನೂ ಕೇಳುವುದಿಲ್ಲ. ನಾವು ಮೊದಲು ಮಾಡಿದ್ದು ಅದನ್ನೇ: 30 ಸೆಕೆಂಡ್ ಇದ್ದದ್ದನ್ನು 10 ನಿಮಿಷ ಮಾಡಿ, ನಡುನಡುವೆ ಸ್ಕ್ರೀನ್ ಮುಟ್ಟುತ್ತಿರುವ ಕೆಲಸ ಅತ್ತೆಗೆ ಕೊಟ್ಟೆ.

ಪಕ್ಕದ ಮನೆ ಹುಡುಗನ ಲ್ಯಾಪ್‌ಟಾಪ್‌ಗೆ ಕೇಬಲ್ ಹಾಕಿಸಿ, ಫೋನ್‌ನಲ್ಲಿ ಬಂದ ಯುಎಸ್‌ಬಿ ನೋಟಿಫಿಕೇಶನ್ ಒತ್ತಿ, ಫೈಲ್ ಟ್ರಾನ್ಸ್‌ಫರ್ ಆರಿಸಿದೆವು. ಇದಕ್ಕೂ ಪಿನ್ ಬೇಡ, ಫೋನ್ ತೆರೆದಿದ್ದರೆ ಸಾಕು. ಮುಖ್ಯವಾಗಿ ಮೂರು ಕಡೆ ನೋಡಬೇಕು. ಕ್ಯಾಮೆರಾದಲ್ಲಿ ತೆಗೆದವು `DCIM` ಫೋಲ್ಡರ್‌ನಲ್ಲಿ, ಸ್ಕ್ರೀನ್‌ಶಾಟ್ ಮತ್ತು ಬೇರೆ ಆ್ಯಪ್‌ಗಳದ್ದು ಹೆಚ್ಚಾಗಿ `Pictures` ಒಳಗೆ, ವಾಟ್ಸ್ಆ್ಯಪ್‌ನಲ್ಲಿ ಬಂದವು `Android/media/com.whatsapp/WhatsApp/Media` ಒಳಗೆ. ಈ ಮೂರನೆಯದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಮಾವನ ಒಳ್ಳೊಳ್ಳೆ ಫೋಟೊಗಳು ಇದ್ದದ್ದು ಅಲ್ಲೇ, ಯಾಕಂದರೆ ಅವನ್ನು ತೆಗೆದವರು ಮಕ್ಕಳು, ಕಳಿಸಿದ್ದು ವಾಟ್ಸ್ಆ್ಯಪ್‌ನಲ್ಲಿ. ಒಟ್ಟು 11 ಜಿಬಿ. ಇಡೀ ಫೋಲ್ಡರ್ ಒಟ್ಟಿಗೆ ಎಳೆದರೆ ಮಧ್ಯದಲ್ಲಿ ನಿಲ್ಲೋದುಂಟು, ಹಾಗಾಗಿ ಒಂದೊಂದೇ ಫೋಲ್ಡರ್ ಕಾಪಿ ಮಾಡಿ ಎರಡೂ ಕಡೆ ಫೈಲ್‌ಗಳ ಸಂಖ್ಯೆ ತಾಳೆ ನೋಡಿದೆವು.

ಕಾಂಟ್ಯಾಕ್ಟ್‌ಗಳಿಗೆ ಕೇಬಲ್ ಸಾಲದು, ಅವು ಫೈಲ್ ಆಗಿ ಕಾಣಿಸುವುದಿಲ್ಲ. ಕಾಂಟ್ಯಾಕ್ಟ್ಸ್ ಆ್ಯಪ್‌ನಲ್ಲಿ ಎಕ್ಸ್‌ಪೋರ್ಟ್ ಅನ್ನೋ ಆಯ್ಕೆ ಇರುತ್ತದೆ, ಅದು `.vcf` ಫೈಲ್ ಒಂದನ್ನು ಮಾಡಿಕೊಡುತ್ತದೆ. ಎಕ್ಸ್‌ಪೋರ್ಟ್ ಮಾಡುವಾಗ ಗೂಗಲ್ ಖಾತೆ ಮಾತ್ರವಲ್ಲ, ಡಿವೈಸ್ ಅಂತ ಇರುವುದನ್ನೂ ಆರಿಸಬೇಕು. ಅತ್ತೆಯ 386 ನಂಬರ್‌ಗಳಲ್ಲಿ ಗೂಗಲ್‌ಗೆ ಹೋಗಿದ್ದು 140 ಅಷ್ಟೇ. ಅಡಿಕೆ ಮಂಡಿಯವರು, ಕೊನೆ ತೆಗೆಯೋರು, ಲೈನ್‌ಮನ್, ಎಲ್ಲರೂ ಇದ್ದದ್ದು ಫೋನಿನೊಳಗೆ ಮಾತ್ರ. ಫೈಲ್‌ನಲ್ಲಿ ಎಷ್ಟು ಹೆಸರು ಬಂದಿದೆ ಅಂತ ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಹೀಗೆ ಎಣಿಸಬಹುದು:

```
find /c "BEGIN:VCARD" contacts.vcf
```

386 ಅಂತ ಬಂದ ಮೇಲೇ ನಾನು ಊಟಕ್ಕೆ ಎದ್ದಿದ್ದು.

ಇನ್ನು ಬೆರಳಚ್ಚೇ ಇಲ್ಲದಿದ್ದರೆ, ಅಥವಾ ಫೋನ್ ಆಗಲೇ ರೀಸ್ಟಾರ್ಟ್ ಆಗಿದ್ದರೆ? ಆಗ ಹುಡುಕಬೇಕಾದ್ದು ಫೋನಿನ ಹೊರಗೆ. ಬೇರೊಂದು ಕಂಪ್ಯೂಟರ್‌ನಲ್ಲಿ ಅದೇ ಗೂಗಲ್ ಖಾತೆಯಿಂದ `photos.google.com` ತೆರೆದು ಕೊನೆಯ ಫೋಟೊದ ತಾರೀಖು ನೋಡಿ. ಉಚಿತ 15 ಜಿಬಿ ತುಂಬಿದ ದಿನವೇ ಬ್ಯಾಕಪ್ ನಿಂತಿರುತ್ತದೆ, ಮತ್ತು ವಾಟ್ಸ್ಆ್ಯಪ್ ಫೋಲ್ಡರ್ ಬೇರೆಯಾಗಿ ಆನ್ ಮಾಡದಿದ್ದರೆ ಸಾಮಾನ್ಯವಾಗಿ ಹೋಗಿರುವುದಿಲ್ಲ. ನಂಬರ್‌ಗಳಿಗೆ `contacts.google.com`. ಲಾಗಿನ್ ಆಗುವಾಗ ಗೂಗಲ್ ಆ ಲಾಕ್ ಆದ ಫೋನ್‌ಗೇ ಅನುಮತಿ ಕೇಳಿದರೆ ಬೇರೆ ವಿಧಾನ ಆರಿಸಿ ಎಸ್ಎಂಎಸ್ ಕೋಡ್ ತರಿಸಿಕೊಳ್ಳಿ, ಸಿಮ್ ಬೇರೆ ಫೋನ್‌ಗೆ ಹಾಕಿ. ಆದರೆ ಬೆರಳಚ್ಚು ಕೆಲಸ ಮಾಡುತ್ತಿರುವ ಫೋನ್‌ನಿಂದ ಸಿಮ್ ತೆಗೆಯೋಕೆ ಅವಸರ ಬೇಡ, ಸಿಮ್ ತೆಗೆದರೆ ಕೆಲವು ಫೋನ್ ರೀಸ್ಟಾರ್ಟ್ ಆಗುತ್ತವೆ.

ಮೆಮೊರಿ ಕಾರ್ಡ್ ಇದ್ದರೆ ತೆಗೆದು ಬೇರೆ ಫೋನ್‌ಗೆ ಹಾಕಿ ನೋಡಿ. ಸಾಮಾನ್ಯ ಕಾರ್ಡ್ ಆಗಿ ಬಳಸಿದ್ದರೆ ಫೋಟೊ ಸಲೀಸಾಗಿ ಸಿಗುತ್ತದೆ. ಇಂಟರ್ನಲ್ ಸ್ಟೋರೇಜ್ ಅಂತ ಫಾರ್ಮ್ಯಾಟ್ ಮಾಡಿದ್ದರೆ ಅದರ ಕೀಯೂ ಆ ಫೋನಿನೊಳಗೇ ಇದೆ. ಆಫೀಸ್ ಕಂಪ್ಯೂಟರ್‌ನಲ್ಲಿ ವಾಟ್ಸ್ಆ್ಯಪ್ ಲಿಂಕ್ ಆಗಿದೆಯಾ ನೋಡಿ, ಅಲ್ಲಿಂದಲೂ ಒಂದಷ್ಟು ಫೋಟೊ ಇಳಿಸಿಕೊಳ್ಳಬಹುದು. ಆ್ಯಪ್ ಬರೆಯುವವರಿಗೆ ಇನ್ನೊಂದು ಅವಕಾಶ: ಯುಎಸ್‌ಬಿ ಡೀಬಗ್ಗಿಂಗ್ ಮೊದಲೇ ಆನ್ ಇದ್ದು, ನಿಮ್ಮ ಲ್ಯಾಪ್‌ಟಾಪ್‌ಗೆ ಹಿಂದೆಯೇ ಅನುಮತಿ ಕೊಟ್ಟಿದ್ದು, ಫೋನ್ ರೀಸ್ಟಾರ್ಟ್ ಆಗಿರದಿದ್ದರೆ ಸ್ಕ್ರೀನ್ ಲಾಕ್ ಇದ್ದರೂ ಇದು ಕೆಲಸ ಮಾಡುತ್ತದೆ:

```
adb pull /sdcard/DCIM
```

ಐಫೋನ್‌ನಲ್ಲೂ ಕಥೆ ಹೆಚ್ಚುಕಮ್ಮಿ ಇದೇ. ಐಕ್ಲೌಡ್‌ನಲ್ಲಿ ಅಥವಾ ಕಂಪ್ಯೂಟರ್ ಬ್ಯಾಕಪ್‌ನಲ್ಲಿ ಇದ್ದದ್ದು ಸಿಗುತ್ತದೆ. ಐಒಎಸ್ 17ರಿಂದ ಒಂದು ಅನುಕೂಲ ಇದೆ: ಪಾಸ್‌ಕೋಡ್ ಬದಲಿಸಿ 72 ಗಂಟೆ ಆಗಿಲ್ಲದಿದ್ದರೆ ಹಳೇ ಪಾಸ್‌ಕೋಡ್ ಹಾಕಿ ಒಳಗೆ ಹೋಗಬಹುದು.

ಪಿನ್ ಊಹಿಸುತ್ತಾ ಕೂತರೆ ಆಗದೇ ಅಂತ ಇಂಜಿನಿಯರ್ ಗೆಳೆಯರೇ ಕೇಳುತ್ತಾರೆ. ಆಂಡ್ರಾಯ್ಡ್‌ನ ಮುಕ್ತ ಸೋರ್ಸ್ ಕೋಡ್‌ನಲ್ಲಿ ಇರುವ ಲೆಕ್ಕ ನೋಡಿ. ಮೊದಲ ಹತ್ತರಲ್ಲಿ ಐದಕ್ಕೊಮ್ಮೆ 30 ಸೆಕೆಂಡ್, ಆಮೇಲೆ 30ನೇ ತಪ್ಪಿನವರೆಗೆ ಪ್ರತಿ ಸಲ 30 ಸೆಕೆಂಡ್ ಕಾಯಬೇಕು. ಅಲ್ಲಿಂದ ಪ್ರತಿ ಹತ್ತು ತಪ್ಪಿಗೆ ಕಾಯುವ ಸಮಯ ಎರಡರಷ್ಟಾಗುತ್ತದೆ; 140ರ ನಂತರ ದಿನಕ್ಕೆ ಒಂದೇ ಪ್ರಯತ್ನ. ಮೊದಲ 140 ಊಹೆಗೆ ಸುಮಾರು ಒಂದು ವಾರ. ನಾಲ್ಕಂಕಿಯ ಪಿನ್‌ಗಳು ಒಟ್ಟು 10,000, ಉಳಿದ 9,860ಕ್ಕೆ ಅಷ್ಟೇ ದಿನ, ಅಂದರೆ 27 ವರ್ಷ. ಕಂಪನಿಗಳು ಇದನ್ನು ಇನ್ನೂ ಬಿಗಿ ಮಾಡಿರಬಹುದು. ಹಾಗಂತ ಊಹೆ ಪೂರ್ತಿ ದಂಡವಲ್ಲ. ಮೊದಲ ಮೂವತ್ತು ಪ್ರಯತ್ನ ಅಗ್ಗ, ಅದನ್ನು ಕಾಗದದ ಮೇಲೆ ಪಟ್ಟಿ ಮಾಡಿಕೊಂಡು ಬಳಸಿ: ಮದುವೆ ದಿನ, ಹಳೇ ಪಿನ್‌ಗೆ ಎರಡಂಕಿ ಸೇರಿಸಿದ್ದು, ಗಾಡಿ ನಂಬರ್. ಪ್ರಯತ್ನಿಸಿದ್ದನ್ನು ಹೊಡೆದುಹಾಕುತ್ತಾ ಹೋಗಿ, ಇಲ್ಲದಿದ್ದರೆ ಅದನ್ನೇ ನಾಲ್ಕು ಸಲ ಒತ್ತುತ್ತೀರಿ.

ಯೂಟ್ಯೂಬ್‌ನಲ್ಲಿ ಒಂದೇ ನಿಮಿಷಕ್ಕೆ ಲಾಕ್ ತೆಗೆಯುವ ವಿಡಿಯೊಗಳೆಲ್ಲ ಸುಳ್ಳಲ್ಲ, ಕೆಲವು ಹಳಸಿವೆ ಅಷ್ಟೇ. ಆಂಡ್ರಾಯ್ಡ್ 4.4ರವರೆಗೆ ಪ್ಯಾಟರ್ನ್ ಮರೆತರೆ ಗೂಗಲ್ ಪಾಸ್‌ವರ್ಡ್ ಹಾಕಿ ತೆಗೆಯಬಹುದಿತ್ತು. ಆ ಕಾಲದ ಎನ್‌ಕ್ರಿಪ್ಟ್ ಆಗದ ಫೋನ್‌ಗಳಲ್ಲಿ `gesture.key` ಅನ್ನೋ ಒಂದು ಫೈಲ್ ಅಳಿಸಿದರೆ ಲಾಕ್ ಮಾಯವಾಗುತ್ತಿತ್ತು. ಆಂಡ್ರಾಯ್ಡ್ 10 ಅಥವಾ ಅದರ ನಂತರದ ಆವೃತ್ತಿಯೊಂದಿಗೆ ಮಾರುಕಟ್ಟೆಗೆ ಬಂದ ಫೋನ್‌ಗಳಲ್ಲಿ ಎನ್‌ಕ್ರಿಪ್ಶನ್ ಕಡ್ಡಾಯ, ಅಲ್ಲಿ ಈ ಆಟ ನಡೆಯುವುದಿಲ್ಲ.

ರಿಪೇರಿ ಅಂಗಡಿಯಲ್ಲಿ "ಲಾಕ್ ತೆಗೆದುಕೊಡ್ತೀವಿ" ಅಂದರೆ ಹೆಚ್ಚಾಗಿ ಅದು ಫ್ಯಾಕ್ಟರಿ ರೀಸೆಟ್, ಮತ್ತು ರೀಸೆಟ್ ಆದ ಮೇಲೆ ಕೇಳುವ ಗೂಗಲ್ ಖಾತೆಯ ಬೀಗವನ್ನು ದಾಟಿಸೋದು. ಫೋನ್ ಬಳಸೋಕೆ ಬರುತ್ತದೆ, ಫೋಟೊ ಬರುವುದಿಲ್ಲ. ರೀಸೆಟ್ ಆದಾಗ ಆ ಕೀಯೇ ನಾಶವಾಗಿರುತ್ತದೆ, ಯಾವ ರಿಕವರಿ ಸಾಫ್ಟ್‌ವೇರ್‌ಗೂ ಅದು ಸಿಗದು. ಫೋನ್ ಕೊಡುವ ಮುಂಚೆ ಒಂದೇ ಪ್ರಶ್ನೆ ಕೇಳಿ: "ಡೇಟಾ ಉಳಿಯುತ್ತಾ? ಉಳಿಯದಿದ್ದರೆ ದುಡ್ಡು ಇಲ್ಲ, ಆಗಬಹುದಾ?" ಹೂಂ ಅನ್ನುವವರು ಕಡಿಮೆ.

ಬೇಕಾದ್ದೆಲ್ಲ ಹೊರಗೆ ಬಂದಿದ್ದರೆ ರೀಸೆಟ್ ಅನ್ನು ನೀವೇ ಮಾಡಬಹುದು, ಗೂಗಲ್‌ನ ಫೈಂಡ್ ಹಬ್‌ನಿಂದ ಅಥವಾ ಫೋನಿನ ರಿಕವರಿ ಮೆನುವಿಂದ. ಅದಕ್ಕೆ ಮುಂಚೆ ಅದೇ ಗೂಗಲ್ ಖಾತೆಗೆ ಬೇರೆ ಕಂಪ್ಯೂಟರ್‌ನಲ್ಲಿ ಲಾಗಿನ್ ಆಗಿ ಪಾಸ್‌ವರ್ಡ್ ಸರಿ ಇದೆಯಾ ನೋಡಿಕೊಳ್ಳಿ. ಅತ್ತೆಯದ್ದು ಸರಿ ಇರಲಿಲ್ಲ. ಅದನ್ನು ಬೇರೆ ಹಾಕಿಸಿ, ಡೈರಿಯಲ್ಲಿ ಬರೆಸಿ, ಆಮೇಲೆ ಕೆಲಸ ಮುಗಿಸಿದೆವು. ಹೊಸ ಪಿನ್ ಏನು ಅಂತ ನಾನು ಕೇಳಲಿಲ್ಲ, ಅವರು ಹೇಳಲೂ ಇಲ್ಲ.